"ಬಡ್ಡಿ 0.50% ಹೆಚ್ಚಿಸಲಾಗಿದೆ" ಅಂದರೆ ಯಾವುದರ ಮೇಲೆ 0.50%? ಬ್ಯಾಂಕಿನ ಲೆಕ್ಕ ಸರಿಯಾ, ನಮ್ಮ ಭಾವನ ಲೆಕ್ಕ ಸರಿಯಾ?

ತುಮಕೂರು_ಮನೆ

ಮನೆ ಸಾಲದ ಹಳೇ ಫೈಲು ಹರಡಿಕೊಂಡು ಕೂತಿದ್ದೇವೆ, ನಾನು ಮತ್ತು ನಮ್ಮ ಭಾವ. ಜಗಳ ಶುರುವಾಗಿದೆ. ದಯವಿಟ್ಟು ಯಾರಾದರೂ ಬಿಡಿಸಿ.

ಸಾಲ ತೆಗೆದದ್ದು 2022ರ ಏಪ್ರಿಲ್ ಶುರುವಿನಲ್ಲಿ. 30 ಲಕ್ಷ, 20 ವರ್ಷ, 6.70% ಬಡ್ಡಿ, ಇಎಂಐ 22,722 ರೂಪಾಯಿ. ಮೇ ತಿಂಗಳಲ್ಲಿ ಆರ್‌ಬಿಐ ರೆಪೊ ದರ ಏರಿಸಿತು, ನಮ್ಮದು 7.10% ಆಯ್ತು. ಜೂನ್‌ನಲ್ಲಿ ಇನ್ನೊಂದು ಪತ್ರ ಬಂತು. ಅದರಲ್ಲಿ ಇರೋದು ಒಂದೇ ಸಾಲು: "ನಿಮ್ಮ ಸಾಲದ ಬಡ್ಡಿ ದರವನ್ನು 0.50% ಹೆಚ್ಚಿಸಲಾಗಿದೆ." ಹೊಸ ದರ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಸ್ಟೇಟ್‌ಮೆಂಟ್ ನೋಡಿದರೆ 7.60% ಹಾಕಿದ್ದಾರೆ.

ಭಾವ ಹೇಳೋದು ಹೀಗೆ. ಅಂಗಡಿಯವನು ಬೆಲೆ 10% ಜಾಸ್ತಿ ಮಾಡಿದೆ ಅಂದರೆ ಇದ್ದ ಬೆಲೆಯ ಮೇಲೆ 10% ತಾನೇ? ಹಾಗಾದರೆ ಬಡ್ಡಿ 0.50% ಜಾಸ್ತಿ ಅಂದರೆ 7.10ರ ಮೇಲೆ 0.50%. ಅದು 0.0355. ಹೊಸ ದರ 7.1355% ಆಗಬೇಕು. ಬ್ಯಾಂಕು 7.60% ಹಾಕಿದೆ, ಅಂದರೆ ಏರಿಸಬೇಕಾದ್ದಕ್ಕಿಂತ 14 ಪಟ್ಟು ಏರಿಸಿದೆ. ಒಂಬುಡ್ಸ್‌ಮನ್‌ಗೆ ಹಾಕೋಣ ಅಂತಿದ್ದಾರೆ.

ನನಗೆ ಬ್ಯಾಂಕು ತಪ್ಪು ಮಾಡಿಲ್ಲ ಅನ್ನಿಸುತ್ತೆ. ಆದರೆ ಭಾವನ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ತೋರಿಸೋಕೆ ಬರುತ್ತಿಲ್ಲ.

ಗುಬ್ಬಚ್ಚಿ_ಗೂಡು

ಭಾವ ಬಲೇ ಚುರುಕು. 14 ಪಟ್ಟು ಅಂದರೆ ಸುಮ್ನೆ ಬಿಡಬೇಡಿ. ಗ್ರಾಹಕರ ಕೋರ್ಟಿಗೆ ಹೋಗಿ.

ಕೌಂಟರ್_ಮೂರು

ಕೋರ್ಟಿಗೆ ಹೋಗೋ ಮುಂಚೆ ಸಾಲದ ಕರಾರು ಪತ್ರ ತೆಗೆಯಿರಿ ಸರ್. ನಾನು ಬ್ಯಾಂಕಿನ ಸಾಲ ವಿಭಾಗದಲ್ಲೇ ಇದ್ದು ನಿವೃತ್ತಿ ಆದವನು. ಇದೇ ಪ್ರಶ್ನೆ ಕೌಂಟರಿಗೆ ಎಷ್ಟೋ ಸಲ ಬಂದಿದೆ.

ನಿಮ್ಮದು 2022ರ ಸಾಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಬದಲಾಗೋ ಬಡ್ಡಿಯ ಹೊಸ ಮನೆ ಸಾಲಗಳನ್ನೆಲ್ಲ ಹೊರಗಿನ ಒಂದು ದರಕ್ಕೆ ಕಟ್ಟಬೇಕು ಅಂತ ಆರ್‌ಬಿಐ ಹೇಳಿದೆ. ಹೆಚ್ಚಿನ ಬ್ಯಾಂಕುಗಳು ರೆಪೊ ದರವನ್ನೇ ಇಟ್ಟುಕೊಂಡಿವೆ. ಕರಾರಿನಲ್ಲಿ ಒಂದು ಸಾಲು ಇರುತ್ತೆ: ರೆಪೊ ದರ ಕೂಡಿಸು ಇಷ್ಟು ಸ್ಪ್ರೆಡ್. ನೀವು ಸಾಲ ತೆಗೆದಾಗ ರೆಪೊ 4.00 ಇತ್ತು. ನಿಮ್ಮ ದರ 6.70. ಅಂದರೆ ನಿಮ್ಮ ಸ್ಪ್ರೆಡ್ 2.70. ಅದನ್ನು ಪತ್ರದಲ್ಲಿ ಒಮ್ಮೆ ನೋಡಿಕೊಳ್ಳಿ.

2022ರ ಮೇ 4ಕ್ಕೆ ರೆಪೊ 4.40 ಆಯ್ತು. ಜೂನ್ 8ಕ್ಕೆ 4.90 ಆಯ್ತು. 4.90ಕ್ಕೆ 2.70 ಕೂಡಿಸಿ. 7.60 ಬಂತಲ್ವಾ? ಕರಾರಿನಲ್ಲಿ ಇರೋದು ಕೂಡುವ ಲೆಕ್ಕ, ಗುಣಿಸುವ ಲೆಕ್ಕ ಅಲ್ಲ. ಹಾಗಾಗಿ ಬ್ಯಾಂಕು ಹಾಕಿದ ದರ ಸರಿ.

ಆದರೆ ನಿಮ್ಮ ಭಾವನನ್ನು ದಡ್ಡರು ಅನ್ನಬೇಡಿ. ಪತ್ರದ ಆ ಒಂದು ಸಾಲನ್ನು ಅದರಷ್ಟಕ್ಕೆ ಓದಿದರೆ ಅವರು ಓದಿದ ಹಾಗೂ ಓದಬಹುದು. "7.10%ರಿಂದ 7.60%ಕ್ಕೆ" ಅಂತ ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಅಥವಾ 0.50 ಪರ್ಸೆಂಟೇಜ್ ಪಾಯಿಂಟ್ ಅಂತಾದರೂ ಬರೆಯಬೇಕಿತ್ತು. ಬ್ಯಾಂಕಿನ ಒಳಗಿನ ಸುತ್ತೋಲೆಗಳಲ್ಲಿ ನಾವು ಯಾವತ್ತೂ "50 ಬೇಸಿಸ್ ಪಾಯಿಂಟ್" ಅಂತಲೇ ಬರೆಯುತ್ತಿದ್ದೆವು. ಪೇಪರಿನವರು ಮೂಲಾಂಶ ಅಂತಾರೆ. ನೂರು ಮೂಲಾಂಶ ಸೇರಿದರೆ ಒಂದು ಪರ್ಸೆಂಟೇಜ್ ಪಾಯಿಂಟ್. ಈ ಗೊಂದಲ ಆಗಬಾರದು ಅಂತಲೇ ಆ ಅಳತೆ ಇರೋದು. ಗ್ರಾಹಕರಿಗೆ ಪತ್ರ ಬರೆಯುವಾಗ ಮಾತ್ರ ಅದನ್ನು % ಮಾಡಿಬಿಡುತ್ತಾರೆ.

ಹಾಳೆ_ಕೋಶ

ಮೇಲಿನವರು ಹೇಳಿದ್ದನ್ನೇ ಎಕ್ಸೆಲ್‌ನಲ್ಲಿ ತೋರಿಸಿ, ಭಾವ ಒಪ್ಪಬಹುದು. A1ರಲ್ಲಿ 7.10% ಹಾಕಿ.

```
=A1*(1+0.50%)    ->  7.1355%
=A1+0.50%        ->  7.60%
```

ಮೊದಲನೇದು ಭಾವನ ಲೆಕ್ಕ. ಎರಡನೇದು ಬ್ಯಾಂಕಿನ ಲೆಕ್ಕ. ಎರಡರಲ್ಲೂ 0.50% ಅಂತಲೇ ಟೈಪ್ ಮಾಡಿದ್ದೇವೆ ನೋಡಿ. ಎಕ್ಸೆಲ್‌ಗೆ ಏನೂ ಅನುಮಾನ ಬರಲ್ಲ, ನಾವು ಕೊಟ್ಟ ಚಿಹ್ನೆ ನೋಡಿ ಮಾಡುತ್ತೆ ಅಷ್ಟೇ. ಆಫೀಸಿನಲ್ಲಿ ಬಜೆಟ್ ಹಾಳೆ ಮಾಡುವಾಗ ಈ ಎರಡನ್ನು ಅದಲುಬದಲು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಉತ್ತರ 7.14 ಬಂದಾಗ "ಪರವಾಗಿಲ್ಲ, ಸ್ವಲ್ಪ ತಾನೇ ಏರಿದ್ದು" ಅಂತ ಮುಂದಕ್ಕೆ ಹೋಗಿಬಿಡುತ್ತಾರೆ.

ರೂಪಾಯಿಯಲ್ಲಿ ನೋಡಿ. 30 ಲಕ್ಷದ ಮೇಲೆ ಭಾವನ ಏರಿಕೆ ವರ್ಷಕ್ಕೆ 1,065 ರೂಪಾಯಿ. ಬ್ಯಾಂಕಿನ ಏರಿಕೆ ವರ್ಷಕ್ಕೆ 15,000. ಆ 14 ಪಟ್ಟು ಬಂದದ್ದು ಇಲ್ಲಿಂದ.

ಅಡಿಕೆ_ಸಿಪ್ಪೆ

ನಮ್ಮೂರ ಕಡೆ ಬಡ್ಡಿಯನ್ನ ಪರ್ಸೆಂಟಲ್ಲಿ ಮಾತಾಡೋದೇ ಇಲ್ಲ. ನೂರಕ್ಕೆ ಎರಡು ರೂಪಾಯಿ ಬಡ್ಡಿ, ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂತೀವಿ, ತಿಂಗಳಿಗೆ. ಎರಡು ರೂಪಾಯಿ ಇದ್ದದ್ದು ಮೂರು ರೂಪಾಯಿ ಆಯ್ತು ಅಂದರೆ ಎಮ್ಮೆ ಕಾಯೋನಿಗೂ ಅರ್ಥ ಆಗುತ್ತೆ. ಅಲ್ಲಿ ಬಂದು "ಬಡ್ಡಿ ಒಂದು ಪರ್ಸೆಂಟ್ ಏರಿದೆ" ಅಂದರೂ ಒಂದು ರೂಪಾಯಿ ಅಂತಲೇ ತಿಳಿಯುತ್ತಾರೆ. "ಐವತ್ತು ಪರ್ಸೆಂಟ್ ಏರಿದೆ" ಅಂದರೆ ಹೊಡೆಯೋಕೆ ಬರುತ್ತಾರೆ. ಎರಡೂ ಒಂದೇ ಅಲ್ವಾ ಕೌಂಟರ್ ಸರ್?

ಕೌಂಟರ್_ಮೂರು

ಒಂದೇ ಏರಿಕೆ, ಆದರೆ ಎರಡು ಬೇರೆ ಪ್ರಶ್ನೆಗೆ ಉತ್ತರ. ನೀವು ಹೇಳಿದ "ನೂರಕ್ಕೆ ಇಷ್ಟು ರೂಪಾಯಿ" ಇದೆಯಲ್ಲ, ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಲ್ಲಿ ನೂರು ಅಂದರೆ ಅಸಲು. ಎರಡರಿಂದ ಮೂರು ಆದಾಗ, ಅಸಲಿನ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ಜಾಸ್ತಿ ಕೊಡಬೇಕು. ಅದು ಒಂದು ಪಾಯಿಂಟ್. ಇನ್ನು ಐವತ್ತು ಪರ್ಸೆಂಟ್ ಅನ್ನುವಾಗ ಅಸಲನ್ನು ಮರೆತುಬಿಟ್ಟಿದ್ದೇವೆ. ಹಿಂದೆ ಕೊಡುತ್ತಿದ್ದ ಬಡ್ಡಿಯನ್ನು ನೂರು ಅಂತ ಇಟ್ಟುಕೊಂಡಿದ್ದೇವೆ. ಬಡ್ಡಿ ನೂರು ಕೊಡುತ್ತಿದ್ದವನು ಈಗ ನೂರೈವತ್ತು ಕೊಡಬೇಕು.

ತುಮಕೂರಿನವರ ಭಾವ ಮಾಡಿದ್ದು ಇಷ್ಟೇ. ಬ್ಯಾಂಕು ಅಸಲಿನ ನೂರಕ್ಕೆ ಐವತ್ತು ಪೈಸೆ ಅಂತ ಹೇಳಿತು. ಅವರು ಬಡ್ಡಿಯ ನೂರಕ್ಕೆ ಐವತ್ತು ಪೈಸೆ ಅಂತ ಓದಿದರು.

ಒಂದು ಮಾತು. ಊರಿನ ಮೂರು ರೂಪಾಯಿ ಬಡ್ಡಿ ತಿಂಗಳದ್ದು. ಬ್ಯಾಂಕಿನ ದರದ ಪಕ್ಕ ಇಡಬೇಕಾದರೆ ವರ್ಷಕ್ಕೆ ತನ್ನಿ: 24 ಇದ್ದದ್ದು 36 ಆಯ್ತು. ಪಾಯಿಂಟ್ ಲೆಕ್ಕದಲ್ಲಿ 12 ಏರಿತು. ಪರ್ಸೆಂಟ್ ಲೆಕ್ಕದಲ್ಲಿ ಆಗಲೂ ಐವತ್ತೇ.

ನೇರಮಾತು_77

ಎಲ್ಲರೂ ಬ್ಯಾಂಕಿನ ಪರವೇ ಮಾತಾಡುತ್ತಿದ್ದೀರಿ. ನಾನು ಹೇಳೋದು ಕೇಳಿ. 2022ರ ಮೇನಿಂದ 2023ರ ಫೆಬ್ರವರಿವರೆಗೆ ರೆಪೊ 4.00ರಿಂದ 6.50ಕ್ಕೆ ಹೋಯಿತು. ಟಿವಿಯಲ್ಲಿ, ಪೇಪರಲ್ಲಿ "ಎರಡೂವರೆ ಪರ್ಸೆಂಟ್ ಏರಿಕೆ" ಅಂತ ಹೇಳಿ ಮುಗಿಸಿದರು. ಕೇಳಿದರೆ ಚಿಲ್ಲರೆ ಅನ್ನಿಸುತ್ತೆ. ನಿಜವಾಗಿ 4ರ ಮೇಲೆ 2.5 ಅಂದರೆ 62.5% ಏರಿಕೆ. ಪಾಯಿಂಟ್ ಅನ್ನೋದೇ ಜನರಿಗೆ ಗೊತ್ತಾಗದಿರಲಿ ಅಂತ ಮಾಡಿದ ಕಣ್ಕಟ್ಟು. ತುಮಕೂರಿನವರೇ, ನಿಮ್ಮ ಇಎಂಐ 62% ಏರಬೇಕಿತ್ತು, ನೋಡಿ ಬೇಕಾದರೆ.

ತುಮಕೂರು_ಮನೆ

ಇಲ್ಲ ಸರ್, ಅಷ್ಟು ಏರಿಲ್ಲ. ನನ್ನ ದರ 9.20% ಮುಟ್ಟಿತ್ತು. ನನ್ನ ತಮ್ಮನೂ ಅದೇ ಬ್ಯಾಂಕಿನಲ್ಲಿ 30 ಲಕ್ಷ ತೆಗೆದಿದ್ದಾನೆ, 2023ರ ಮಾರ್ಚ್‌ನಲ್ಲಿ, 20 ವರ್ಷಕ್ಕೆ, 9.20%ಗೇ. ಅವನ ಇಎಂಐ 27,379. ನನ್ನದು ಶುರುವಿನಲ್ಲಿ 22,722. 4,657 ಜಾಸ್ತಿ. ಅಂದರೆ 20%ಗಿಂತ ಸ್ವಲ್ಪ ಮೇಲೆ.

ನೇರಮಾತು_77

ಹಾಗಾದರೆ ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ. 62% ಎಲ್ಲಿಗೆ ಹೋಯಿತು?

ಕೌಂಟರ್_ಮೂರು

ಎಲ್ಲಿಗೂ ಹೋಗಿಲ್ಲ ಸರ್. ನೀವು ಹೇಳಿದ 62.5 ಸರಿಯಾದ ಸಂಖ್ಯೆಯೇ. ಆದರೆ ಅದು ರೆಪೊ ದರದ ಏರಿಕೆ, ಇವರ ಸಾಲದ್ದಲ್ಲ. ಇದರಲ್ಲೇ ಸ್ವಾರಸ್ಯ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ರೆಪೊ 4.00ರಿಂದ 6.50. ಎರಡೂವರೆ ಪಾಯಿಂಟ್.

ಇವರ ಸಾಲದ ದರ 6.70ರಿಂದ 9.20. ಅದೂ ಎರಡೂವರೆ ಪಾಯಿಂಟ್. ಸ್ಪ್ರೆಡ್ 2.70 ಇದ್ದ ಹಾಗೇ ಇದೆ, ಅದಕ್ಕೆ ಆರ್‌ಬಿಐ ಕೈ ಹಾಕಿಲ್ಲ. ಹಾಗಾಗಿ ರೆಪೊ ಎಷ್ಟು ಪಾಯಿಂಟ್ ಏರಿತೋ ಅಷ್ಟೇ ಪಾಯಿಂಟ್ ಇಲ್ಲಿಗೂ ಇಳಿದು ಬಂತು. ಆದರೆ ಪರ್ಸೆಂಟ್ ಹಾಗೆ ಬರಲ್ಲ. ಇಲ್ಲಿ 2.5 ಅನ್ನು ಭಾಗಿಸಬೇಕಾದ್ದು 4ರಿಂದ ಅಲ್ಲ, 6.70ರಿಂದ. ಉತ್ತರ 37.3%. ಇವರು ಕಟ್ಟುವ ಬಡ್ಡಿ ಮಾತ್ರ ತೆಗೆದುಕೊಂಡರೆ ಏರಿದ್ದು ಅಷ್ಟೇ. 30 ಲಕ್ಷ ಬಾಕಿಯ ಮೇಲೆ ಮೊದಲ ತಿಂಗಳ ಬಡ್ಡಿ 6.70ರಲ್ಲಿ 16,750. 9.20ರಲ್ಲಿ 23,000.

ಈಗ ಇಎಂಐಗೆ ಬನ್ನಿ. ಇಎಂಐ ಪೂರ್ತಿ ಬಡ್ಡಿ ಅಲ್ಲ. ಇವರ ಮೊದಲ ಕಂತಿನ 22,722ರಲ್ಲಿ ಬಡ್ಡಿ 16,750, ಅಸಲು 5,972. ತಮ್ಮನ ಮೊದಲ ಕಂತಿನ 27,379ರಲ್ಲಿ ಬಡ್ಡಿ 23,000, ಅಸಲು ಬರೀ 4,379. ಬಡ್ಡಿ 6,250 ಏರಿದೆ, ಆದರೆ ಶುರುವಿನಲ್ಲಿ ತೀರುವ ಅಸಲು 1,593 ಇಳಿದಿದೆ. ಕೈಯಿಂದ ಹೋಗೋದು ಅದಕ್ಕೇ 4,657 ಮಾತ್ರ ಜಾಸ್ತಿ. 20.5%.

ಒಂದೇ ಘಟನೆಗೆ 62.5, 37.3, 20.5 ಅಂತ ಮೂರು ಪರ್ಸೆಂಟ್ ಇವೆ. ಮೂರೂ ನಿಜ. ಪಾಯಿಂಟ್ ಮಾತ್ರ ರೆಪೊಗೂ ಸಾಲಕ್ಕೂ ಒಂದೇ, 2.5. ಬ್ಯಾಂಕಿನವರು ಪಾಯಿಂಟಿನಲ್ಲಿ ಮಾತಾಡೋದು ಕಣ್ಕಟ್ಟಿಗಲ್ಲ, ಅದು ಒಂದು ದರದಿಂದ ಇನ್ನೊಂದಕ್ಕೆ ಹಾಗೇ ದಾಟುತ್ತೆ ಅಂತ.

ಹಾಳೆ_ಕೋಶ

ಇಎಂಐ ನೋಡಬೇಕಾದವರು ಇದನ್ನು ಹಾಕಿ ನೋಡಿ, ಕೌಂಟರ್ ಸರ್ ಸಂಖ್ಯೆಗಳು ಪೈಸೆ ಬಿಟ್ಟರೆ ಹಾಗೇ ಬರುತ್ತವೆ:

```
=PMT(6.70%/12, 240, -3000000)
=PMT(9.20%/12, 240, -3000000)
```

ಪಿಂಚಣಿ_ಕಾಕಾ

ನೀವೆಲ್ಲ ಸಾಲದ ಚಿಂತಿ ಮಾಡಾಕತ್ತೀರಿ, ನಮ್ಮಂಥಾ ಎಫ್‌ಡಿ ಇಟ್ಟವರ ಕಥಿ ಕೇಳ್ರಿ. ನನ್ನ 10 ಲಕ್ಷದ ಎಫ್‌ಡಿ 5.50% ಇತ್ತು. ನವೀಕರಣ ಮಾಡುವಾಗ 7.00% ಸಿಕ್ತು. ಮ್ಯಾನೇಜರ್ ಸಾಹೇಬ್ರು "ಒಂದೂವರೆ ಪರ್ಸೆಂಟ್ ಜಾಸ್ತಿ ಆಗೇತಿ ಕಾಕಾ" ಅಂದ್ರು. ನಾ ಅಂದೆ, ವರ್ಷಕ್ಕ 55,000 ಬರ್ತಿತ್ತು, ಈಗ 70,000 ಬರ್ತೈತಿ, 27% ಜಾಸ್ತಿ ಆಗೇತಿ ಅಂತ. ಅವರು ನಕ್ಕರು. ಇದರಾಗ ನಗೋದೇನೈತಿ? ಮನಿ ಖರ್ಚು ನಡಿಯೋದು ಬಡ್ಡಿ ಮ್ಯಾಲ, ಅಸಲಿನ ಮ್ಯಾಲ ಅಲ್ಲ.

2025ರಾಗ ಮತ್ತ ಇಳೀತು, ಅದು ಬ್ಯಾರೆ ಮಾತು. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತಾರ ಅಂತಾರಲ್ಲ, ಅದೂ ಪಾಯಿಂಟ್ ಲೆಕ್ಕನs ಏನು?

ಕೌಂಟರ್_ಮೂರು

ಹೌದು ಕಾಕಾ, ಅದೂ ಪಾಯಿಂಟೇ. 7.00 ಇದ್ದರೆ ನಿಮಗೆ 7.50. 27% ಅಂತ ನೀವು ಹೇಳಿದ್ದೂ ಸರಿ. ನಿಮ್ಮ ಪ್ರಶ್ನೆ "ನನ್ನ ವರಮಾನ ಎಷ್ಟು ಏರಿತು" ಅಂತ ಇದ್ದಾಗ ಪರ್ಸೆಂಟೇ ಸರಿಯಾದ ಅಳತೆ. ನೇರಮಾತು ಅವರ ಮಾತಿನಲ್ಲೂ ಅಷ್ಟು ಸತ್ಯ ಇದೆ.

ಅಡಿಕೆ_ಸಿಪ್ಪೆ

ಪಾಯಿಂಟ್ ಅಂತ ಗೊತ್ತಾಗದೆ ಕೈ ಸುಟ್ಟುಕೊಂಡವರ ಕಥೆ ನಮ್ಮ ಪಕ್ಕದ ತೋಟದಲ್ಲೇ ಇದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲ, ಬ್ಯಾಂಕಿನದು, ಸೊಸೈಟಿಯದ್ದಲ್ಲ. 2 ಲಕ್ಷ. ಬಡ್ಡಿ 7%. ಗಡುವಿನೊಳಗೆ ಕಟ್ಟಿದರೆ ಕೇಂದ್ರ ಸರ್ಕಾರದಿಂದ "3% ರಿಯಾಯಿತಿ". ಅವರು ಹಾಕಿದ ಲೆಕ್ಕ: ವರ್ಷದ ಬಡ್ಡಿ 14,000, ಅದರಲ್ಲಿ 3% ಅಂದರೆ 420 ರೂಪಾಯಿ. ನಾನೂರು ರೂಪಾಯಿಗೆ ಯಾರು ಅಡಿಕೆಯನ್ನ ಕಡಿಮೆ ರೇಟಿಗೆ ಕೊಟ್ಟು ಗಡಿಬಿಡಿಯಲ್ಲಿ ಕಟ್ಟುತ್ತಾರೆ, ರೇಟು ಬರಲಿ ಅಂತ ಕಾದರು. ಗಡುವು ದಾಟಿತು.

ಆಮೇಲೆ ಗೊತ್ತಾಯ್ತು, 7ರಲ್ಲಿ 3 ಕಳೆದು 4% ಅಂತ. ಕಟ್ಟಿದ್ದರೆ 8,000 ಬಡ್ಡಿ. ಹೋದದ್ದು 420 ಅಲ್ಲ, 6,000.

ಗುಬ್ಬಚ್ಚಿ_ಗೂಡು

ಅಯ್ಯೋ. ಅವರಿಗೆ ಯಾರೂ ಹೇಳಲಿಲ್ವಾ?

ಅಡಿಕೆ_ಸಿಪ್ಪೆ

ಹೇಳಿದ್ದರು, "ಮೂರು ಪರ್ಸೆಂಟ್ ಬಿಡುತ್ತಾರೆ" ಅಂತ. ಅದೇ ತಾನೇ ತೊಂದರೆ ಆಗಿದ್ದು. "ನೂರಕ್ಕೆ ಏಳು ರೂಪಾಯಿ ಬದಲು ನಾಲ್ಕು ರೂಪಾಯಿ" ಅಂದಿದ್ದರೆ ಗಡುವಿನ ಹಿಂದಿನ ದಿನವೇ ಕ್ಯೂನಲ್ಲಿ ನಿಂತಿರುತ್ತಿದ್ದರು.

ನೇರಮಾತು_77

ಸರಿ, ಪಾಯಿಂಟ್ ದಾಟುತ್ತೆ, ಪರ್ಸೆಂಟ್ ದಾಟಲ್ಲ, ಅದನ್ನು ಒಪ್ಪಿದೆ. ಆದರೆ ನನ್ನ ಮೂಲ ಮಾತು ಬಿಡಲ್ಲ. 4% ಇದ್ದಾಗ ಎರಡೂವರೆ ಏರೋದೂ, 14% ಇದ್ದಾಗ ಎರಡೂವರೆ ಏರೋದೂ ಒಂದೇ ಅಂತೀರಾ? ಮೊದಲನೇದು ಅರ್ಧಕ್ಕಿಂತ ಜಾಸ್ತಿ. ಎರಡನೇದು 18% ಆಸುಪಾಸು. ಪಾಯಿಂಟ್ ಮಾತ್ರ ಹೇಳಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತೆ.

ಹಾಳೆ_ಕೋಶ

ಸಾಲಗಾರನ ಜೇಬಿಗೆ ಒಂದೇ ರೀ. 10 ಲಕ್ಷ ಬಾಕಿ ಇದ್ದರೆ ಎರಡೂ ಕಡೆ ವರ್ಷಕ್ಕೆ 25,000 ಹೆಚ್ಚುವರಿ ಬಡ್ಡಿ. ಮೊದಲು 40,000 ಕಟ್ಟುತ್ತಿದ್ದನೋ 1,40,000 ಕಟ್ಟುತ್ತಿದ್ದನೋ, ಆ 25,000 ಅದೇ 25,000.

ಪರ್ಸೆಂಟಿನದ್ದು ಇನ್ನೊಂದು ತಕರಾರು ಇದೆ. 4ರಿಂದ 6.50ಕ್ಕೆ ಏರಿದರೆ 62.5% ಏರಿಕೆ. ನಾಳೆ 6.50ರಿಂದ ಮತ್ತೆ 4ಕ್ಕೇ ಇಳಿದರೆ ಎಷ್ಟು ಪರ್ಸೆಂಟ್ ಇಳಿಕೆ? 62.5 ಅಲ್ಲ, 38.5. ಹತ್ತಿದ ಮೆಟ್ಟಿಲನ್ನೇ ಇಳಿದಿದ್ದೇವೆ, ಆದರೆ ಸಂಖ್ಯೆ ಬೇರೆ. ಪಾಯಿಂಟಿನಲ್ಲಿ ಏರಿದ್ದೂ 2.5, ಇಳಿದದ್ದೂ 2.5. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ 6.50ರಿಂದ 5.50ಕ್ಕೆ ಇಳಿಯಿತಲ್ಲ, ಅದು ಒಂದು ಪಾಯಿಂಟ್, 15.4%. ಈ 15.4 ಅನ್ನು ಆ 62.5ರಿಂದ ಕಳೆದರೆ ಏನು ಸಿಗುತ್ತೆ? ಏನೂ ಇಲ್ಲ, ಅರ್ಥವಿಲ್ಲದ ಸಂಖ್ಯೆ. ಒಂದು ಪಾಯಿಂಟನ್ನು ಎರಡೂವರೆಯಿಂದ ಕಳೆದರೆ, ಆಗ ಇನ್ನೂ ಒಂದೂವರೆ ಪಾಯಿಂಟ್ ಮೇಲಿದ್ದೆವು ಅಂತ ನೇರವಾಗಿ ಗೊತ್ತಾಗುತ್ತೆ.

ನೇರಮಾತು_77

ವರ್ಷಕ್ಕೆ 40,000 ಬಡ್ಡಿ ಕಟ್ಟೋಕೆ ಸಂಬಳ ಹೊಂದಿಸಿಕೊಂಡವನಿಗೂ, 1,40,000 ಕಟ್ಟೋಕೆ ಹೊಂದಿಸಿಕೊಂಡವನಿಗೂ 25,000 ಒಂದೇ ಭಾರ ಅಂತ ನಾನು ಒಪ್ಪಲ್ಲ. ಕಾಕಾ ಹೇಳಿದ್ದೇ ಸರಿ. ನಿಮ್ಮ ಎಕ್ಸೆಲ್ ನಿಮಗಿರಲಿ.

ಹಳೇ_ಸಾಲ_2017

ನನ್ನದು 2017ರ ಸಾಲ. ಎಂಸಿಎಲ್‌ಆರ್ ಅಂತ ಇದೆ, ರೆಪೊ ಅಂತ ಇಲ್ಲ. ಆ ಒಂಬತ್ತು ತಿಂಗಳಲ್ಲಿ ನನಗೆ ಎರಡೂವರೆ ಪಾಯಿಂಟ್ ಏರಲೇ ಇಲ್ಲ, ಕಡಿಮೆ ಏರಿತು. ಹಾಗಾದರೆ ಪಾಯಿಂಟ್ ಹಾಗೇ ದಾಟುತ್ತೆ ಅನ್ನೋದು ಸುಳ್ಳಲ್ವಾ?

ಕೌಂಟರ್_ಮೂರು

ನಿಮ್ಮ ಸಾಲಕ್ಕೆ ಅದು ಅನ್ವಯಿಸಲ್ಲ ಸರ್. ಎಂಸಿಎಲ್‌ಆರ್ ಬ್ಯಾಂಕು ತನ್ನ ಠೇವಣಿಯ ಖರ್ಚು ನೋಡಿ ತಾನೇ ಹಾಕಿಕೊಳ್ಳುವ ದರ. ರೆಪೊ ಏರಿದ್ದು ಅಲ್ಲಿಗೆ ತಡವಾಗಿ ಮುಟ್ಟುತ್ತೆ, ಪೂರ್ತಿಯೂ ಮುಟ್ಟಲ್ಲ. ಅದರ ಮೇಲೆ ನಿಮ್ಮ ದರ ಪರಿಷ್ಕರಣೆ ವರ್ಷಕ್ಕೊಮ್ಮೆ ಅಂತ ಇರಬಹುದು. ಇಳಿಯುವಾಗಲೂ ಹಾಗೇ ನಿಧಾನ, ಅದನ್ನೂ ನೆನಪಿಡಿ. ರೆಪೊ ಜೋಡಣೆಗೆ ಬದಲಾಯಿಸಿಕೊಳ್ಳಬೇಕಾ ಬೇಡವಾ ಅನ್ನೋದು ನಿಮ್ಮ ಸ್ಪ್ರೆಡ್ ನೋಡದೆ ಹೇಳೋಕೆ ಆಗಲ್ಲ.

ತುಮಕೂರು_ಮನೆ

ಭಾವ ಇದನ್ನೆಲ್ಲ ಓದಿದರು. ಕರಾರು ಪತ್ರದಲ್ಲಿ ಸ್ಪ್ರೆಡ್ 2.70 ಅಂತಲೇ ಇದೆ, ಅದನ್ನೂ ನೋಡಿದರು. ಈಗ ಅವರ ಕಣ್ಣು ಸ್ಟೇಟ್‌ಮೆಂಟಿನ ಇನ್ನೊಂದು ಕಡೆ ಬಿದ್ದಿದೆ. ಕೌಂಟರ್ ಸರ್, ಇದನ್ನು ಸ್ವಲ್ಪ ನೋಡಿ.

ಬಡ್ಡಿ ಇಷ್ಟೆಲ್ಲ ಏರಿದರೂ ನನ್ನ ಖಾತೆಯಿಂದ ಹೋಗುತ್ತಿದ್ದ ಇಎಂಐ ಆಗ ಬದಲಾಗಲೇ ಇಲ್ಲ, 22,722 ಹಾಗೇ ಇತ್ತು. ನಾನೂ ಖುಷಿಯಾಗಿಯೇ ಇದ್ದೆ. ಈಗ ಸಾಲುಗಳನ್ನು ನೋಡಿದರೆ:

2022 ಮೇ ಕಂತು: ಬಡ್ಡಿ 16,750, ಅಸಲು 5,972
2022 ಸೆಪ್ಟೆಂಬರ್: ಬಡ್ಡಿ 20,125, ಅಸಲು 2,597
2023 ಜನವರಿ: ಬಡ್ಡಿ 22,177, ಅಸಲು 545
2023 ಮಾರ್ಚ್: ಬಡ್ಡಿ 22,788, ಅಸಲು ಮೈನಸ್ 66

ಈ ಮೈನಸ್ ಏನು? ಕಂತು ಕಟ್ಟಿದ ಮೇಲೂ ಸಾಲ ಏರಿದೆಯಾ?

ಕೌಂಟರ್_ಮೂರು

ಹೌದು ಸರ್, ಏರಿದೆ. ನೀವು ತೋರಿಸಿದ ನಾಲ್ಕು ಸಾಲಿನಲ್ಲಿ ಆ ವರ್ಷದ ಕಥೆಯೆಲ್ಲ ಇದೆ. ಮಾರ್ಚ್ ಹೊತ್ತಿಗೆ ನಿಮ್ಮ ಬಾಕಿ 29 ಲಕ್ಷದ 72 ಸಾವಿರ ಚಿಲ್ಲರೆ ಇರಬೇಕು. ಅದಕ್ಕೆ 9.20%ರಲ್ಲಿ ಒಂದು ತಿಂಗಳ ಬಡ್ಡಿಯೇ 22,788. ನೀವು ಕಟ್ಟಿದ್ದು 22,722. ಬಡ್ಡಿಗೇ ಸಾಲಲಿಲ್ಲ. ಉಳಿದ 66 ರೂಪಾಯಿ ಅಸಲಿಗೆ ಸೇರಿತು. ಹಾಗೇ ಬಿಟ್ಟಿದ್ದರೆ ಮುಂದಿನ ತಿಂಗಳ ಬಡ್ಡಿ ಇನ್ನೊಂದು ಚೂರು ಜಾಸ್ತಿ. ಆ ಕಂತಿನಲ್ಲಿ ಆ ಸಾಲ ನೂರು ವರ್ಷ ಕಟ್ಟಿದರೂ ತೀರಲ್ಲ.

ದರ ಏರಿದಾಗ ಇಎಂಐ ಮುಟ್ಟದೆ ಅವಧಿ ಉದ್ದ ಮಾಡೋದು ಆಗ ಬ್ಯಾಂಕುಗಳಲ್ಲಿ ರೂಢಿ. ಗ್ರಾಹಕರೂ ಗಲಾಟೆ ಮಾಡಲ್ಲ. ಅರ್ಧ ಪಾಯಿಂಟ್ ಏರಿದಾಗ ಅದು ನಡೆಯುತ್ತೆ, ಸಾಲ ತೀರೋದು ಸುಮಾರು ಎರಡು ವರ್ಷ ಮುಂದಕ್ಕೆ ಹೋಗುತ್ತೆ ಅಷ್ಟೇ. ಎರಡೂವರೆ ಪಾಯಿಂಟ್ ಏರಿದಾಗ, ಅದೂ ಸಾಲ ಹೊಸದಿದ್ದಾಗ, ನಡೆಯಲ್ಲ. ನಿಮ್ಮ ಶುರುವಿನ ಕಂತಿನಲ್ಲಿ ಅಸಲಿಗೆ ಇದ್ದ ಜಾಗ 5,972 ಮಾತ್ರ. ಬಡ್ಡಿ ಏರಿದ್ದು 6,000ಕ್ಕೂ ಮೇಲೆ. ಜಾಗ ಮುಗಿಯಿತು.

ಇಲ್ಲಿ ನೋಡಬೇಕಾದ್ದು ರೆಪೊದ 62.5% ಅಲ್ಲ, ಇಎಂಐಯ 20.5%ವೂ ಅಲ್ಲ. ಬಡ್ಡಿಯ 37.3%. ನಿಮ್ಮ ಮೊದಲ ಕಂತಿನಲ್ಲಿ ಅಸಲು, ಬಡ್ಡಿಯ ಎಷ್ಟು ಪಾಲು ಇತ್ತು? 16,750ಕ್ಕೆ 5,972, ಅಂದರೆ 35.7%. ದರ ಅದಕ್ಕಿಂತ ಜಾಸ್ತಿ ಪರ್ಸೆಂಟ್ ಏರಿದರೆ, ಬಾಕಿ ಅಷ್ಟಾಗಿ ಕರಗಿಲ್ಲದಿದ್ದರೆ, ಹಳೇ ಕಂತು ಮುಳುಗುತ್ತೆ. ಹತ್ತು ವರ್ಷ ಹಳೆಯ ಸಾಲಕ್ಕೆ ಇದೇ ಎರಡೂವರೆ ಪಾಯಿಂಟ್ ಬಂದರೆ ಹೀಗಾಗಲ್ಲ, ಅಲ್ಲಿ ಕಂತಿನಲ್ಲಿ ಅಸಲಿನ ಪಾಲು ದೊಡ್ಡದಿರುತ್ತೆ.

ನೇರಮಾತು_77

ನೋಡಿ, ಕೊನೆಗೆ ಪರ್ಸೆಂಟಿಗೇ ಬಂದಿರಿ.

ಕೌಂಟರ್_ಮೂರು

ಬಂದೆ ಸರ್. ಪ್ರಶ್ನೆ ಬದಲಾದರೆ ಅಳತೆಯೂ ಬದಲಾಗುತ್ತೆ.

ತುಮಕೂರು_ಮನೆ

2023ರ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಫೋನ್ ಬಂದಿತ್ತು, ಇಎಂಐ ಏರಿಸುತ್ತೇವೆ ಅಂತ. 25,000 ಆಯ್ತು. ಯಾಕೆ ಅಂತ ಆಗ ಕೇಳಲಿಲ್ಲ. ಬೇರೆ ಆಯ್ಕೆ ಇತ್ತಾ?

ಹಾಳೆ_ಕೋಶ

ಆ ಹೊತ್ತಿನ ಬಾಕಿಗೆ ಲೆಕ್ಕ ಹಾಕಿದೆ. ಮೊದಲು ಒಪ್ಪಿದ ದಿನಕ್ಕೇ ಸಾಲ ಮುಗಿಸಬೇಕು ಅಂದರೆ ಇಎಂಐ 27,540 ಆಸುಪಾಸು ಆಗಬೇಕಿತ್ತು. 25,000ಕ್ಕೆ ಒಪ್ಪಿದರೆ 9.20 ಹಾಗೇ ಇದ್ದ ಪಕ್ಷಕ್ಕೆ ಅಲ್ಲಿಂದ 318 ತಿಂಗಳು. ಇಪ್ಪತ್ತಾರೂವರೆ ವರ್ಷ. ನಿಮಗೆ ಉಳಿದಿದ್ದದ್ದು 19 ವರ್ಷ ಚಿಲ್ಲರೆ. 2025ರ ಜೂನ್ ಹೊತ್ತಿಗೆ ಒಂದು ಪಾಯಿಂಟ್ ಇಳಿದದ್ದರಿಂದ ಅದು ಈಗ ಸಾಕಷ್ಟು ಕಮ್ಮಿ ಆಗಿರುತ್ತೆ. ಈಗಿನ ಬಾಕಿ, ಈಗಿನ ದರ, ಈಗಿನ ಕಂತು ಕೊಡಿ, ಹಾಕಿ ಕೊಡುತ್ತೇನೆ.

```
=NPER(9.20%/12, -25000, 2972311)
```

ಕೌಂಟರ್_ಮೂರು

ಇಂಥ ಪ್ರಕರಣಗಳು ಜಾಸ್ತಿ ಆದ ಮೇಲೆಯೇ 2023ರ ಆಗಸ್ಟ್ 18ಕ್ಕೆ ಆರ್‌ಬಿಐ ಸುತ್ತೋಲೆ ಹೊರಡಿಸಿದ್ದು. ದರ ಬದಲಾಗುವಾಗ ಇಎಂಐ ಏರಿಸಬೇಕಾ, ಅವಧಿ ಉದ್ದ ಮಾಡಬೇಕಾ, ಎರಡೂ ಸ್ವಲ್ಪ ಸ್ವಲ್ಪ ಮಾಡಬೇಕಾ ಅಂತ ಸಾಲಗಾರನನ್ನು ಕೇಳಬೇಕು. ಅವಧಿ ಉದ್ದ ಮಾಡಿ ಬಾಕಿಯೇ ಏರುವ ಹಾಗೆ ಮಾಡಕೂಡದು. ಮೂರು ತಿಂಗಳಿಗೊಮ್ಮೆ ಎಷ್ಟು ಅಸಲು ತೀರಿತು, ಎಷ್ಟು ಬಡ್ಡಿ ಹೋಯಿತು, ಎಷ್ಟು ಕಂತು ಉಳಿದಿದೆ, ವಾರ್ಷಿಕ ದರ ಎಷ್ಟು ಅಂತ ತಿಳಿಸಬೇಕು. ನಿಮ್ಮ ಮೈನಸ್ 66 ಅದಕ್ಕಿಂತ ಮುಂಚಿನದ್ದು. ಈಗ ಆ ಮೂರು ತಿಂಗಳ ಪಟ್ಟಿ ಬರುತ್ತಿದೆಯಾ? ಬರದಿದ್ದರೆ ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ಕೇಳಿ.

ತುಮಕೂರು_ಮನೆ

ಬರುತ್ತಿದೆ, ಇಮೇಲ್‌ನಲ್ಲಿ ಇದೆ, ತೆರೆದೇ ಇರಲಿಲ್ಲ. ಅದರಲ್ಲಿ "ಹಿಂದಿನ ದರ, ಈಗಿನ ದರ" ಅಂತ ಎರಡು ಕಾಲಂ ಹಾಕಿದ್ದಾರೆ. % ಏರಿಕೆ ಅಂತ ಬರೆದಿಲ್ಲ.

ಭಾವ ಬ್ಯಾಂಕಿನ ದರ ಸರಿ ಅಂತ ಒಪ್ಪಿದ್ದಾರೆ. ಆದರೆ 2022ರ ಆ ಪತ್ರದ ಮಾತಿನ ಪ್ರಕಾರ ತಮ್ಮ ಓದೂ ಸರಿ, ಬರೆದವರದ್ದೇ ತಪ್ಪು, ಹಾಗಾಗಿ ಅದೊಂದು ತಿಂಗಳಿಗಾದರೂ 7.1355% ಹಾಕಬೇಕಿತ್ತು ಅಂತ ಈಗ ಹೊಸ ವಾದ ಶುರು ಮಾಡಿದ್ದಾರೆ.

ಗುಬ್ಬಚ್ಚಿ_ಗೂಡು

ಕರಾರು ಪತ್ರಕ್ಕೆ ಬೆಲೆಯೋ, ಆಮೇಲೆ ಬಂದ ಪತ್ರಕ್ಕೆ ಬೆಲೆಯೋ? ವಕೀಲರು ಯಾರಾದರೂ ಇದ್ದರೆ ಹೇಳಿ.